ಒಂದನೇ ಎದುರುದಾರ

ಅತ್ತೆಗೂ ಅಳಿಯನಿಗೂ ಮಾತು ನಿಂತು ವರ್ಷದ ಹತ್ತಿರ ಬಂದಿತ್ತು. ಜಗಳ ಎನ್ನುವಂಥ ಜಗಳವೇನೂ ನಡೆದಿರಲಿಲ್ಲ. ಅಳಿಯ ಕಾರ್ಖಾನೆಯ ಫಿಟ್ಟರ್ ಕೆಲಸ ಬಿಟ್ಟು ಕಾರು ತೆಗೆದುಕೊಂಡು, ಫೋನಿನ ಮೂಲಕ ಬಾಡಿಗೆ ಕೊಡುವ ಕಂಪನಿಯೊಂದಕ್ಕೆ ಓಡಿಸತೊಡಗಿದ್ದ. ಹೊಸ ಕಾರು ತೋರಿಸಲೆಂದು ಅತ್ತೆಯ ಮನೆ ಬಾಗಿಲಿಗೆ ತಂದು ನಿಲ್ಲಿಸಿದಾಗ ಅವರು ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, “ನಾನು ಮಗಳನ್ನ ಕೊಟ್ಟಿದ್ದು ಫಿಟ್ಟರಿಗೆ” ಎಂದಿದ್ದರು. ಅಷ್ಟೇ. ಅವನು ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋದ. ಆಮೇಲೆ ಇಬ್ಬರ ಮಾತೂ ಮಗಳ ಮೂಲಕವೇ ಹರಿದಾಡುತ್ತಿತ್ತು. ಮಗಳು ಕೊನೆಗೆ ಬೇಸತ್ತು, “ನಾನೇನು ನಿಮ್ಮಿಬ್ಬರ ನಡುವಿನ ಅಂಚೆಯವಳಾ?” ಎಂದು ಕೈಚೆಲ್ಲಿದ್ದಳು.

ಅತ್ತೆಯನ್ನು ಆ ಬೀದಿಯವರೆಲ್ಲ ಹೊಲಿಗೆಯಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು, ಶಾಲೆಯ ಸಮವಸ್ತ್ರದಿಂದ ಹಿಡಿದು ವಕೀಲರ ಕಪ್ಪು ಗೌನಿನವರೆಗೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಯಾರ ಹಂಗಿಗೂ ಬೀಳದೆ ಬದುಕಿದ್ದರು. ಹಾಗಾಗಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಮಗಳಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಹೋದರು. ಕಣ್ಣಿಗೆ ಹನಿ ಹಾಕಿದ ಮೇಲೆ ಎದುರಿಗಿದ್ದದ್ದೆಲ್ಲ ಮಂಜು ಮಂಜಾಯಿತು. ವಾಪಸು ಬಸ್ಸಿನ ಬೋರ್ಡು ಓದುವುದು ಹೇಗೆ? ಮಗಳು ಫೋನಿನಲ್ಲಿ ಕಾರು ಕರೆಸುವ ಆ್ಯಪ್ ಹಾಕಿಕೊಟ್ಟದ್ದು ನೆನಪಾಯಿತು. ಆಸ್ಪತ್ರೆಯ ಕಾವಲುಗಾರನ ಕೈಗೆ ಫೋನು ಕೊಟ್ಟು, “ನಮ್ಮನೆಗೆ ಒಂದು ಗಾಡಿ ಕರೆಸಪ್ಪ, ವಿಳಾಸ ಅದರಲ್ಲೇ ಇದೆ” ಎಂದರು. ಅವನು ಒತ್ತಿಕೊಟ್ಟ. ಕಾರು ಬಂದಾಗ ಅವನೇ ನಂಬರು ನೋಡಿ ಬಾಗಿಲನ್ನೂ ತೆಗೆದುಕೊಟ್ಟ.

ಇತ್ತ ಅಳಿಯನ ಫೋನಿನಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ ‘ಅಮ್ಮ’ ಎಂದಷ್ಟೇ ಬಂದಿತ್ತು. ಮಗಳು ಖಾತೆ ತೆರೆಯುವಾಗ ಹಾಗೆಯೇ ಬರೆದಿದ್ದಳು. ಎಲ್ಲಿಗೆ ಹೋಗಬೇಕೆನ್ನುವುದು ಒಟಿಪಿ ಹಾಕುವವರೆಗೆ ಚಾಲಕನಿಗೆ ತಿಳಿಯುವುದಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತ ಅತ್ತೆಯನ್ನು ಕಂಡಾಗ ಗಿರಾಕಿ ಯಾರೆಂದು ಅವನಿಗೆ ಗೊತ್ತಾಯಿತು. ಟ್ರಿಪ್ ರದ್ದು ಮಾಡೋಣವೆಂದರೆ ಬೆಳಿಗ್ಗೆಯೇ ಎರಡು ರದ್ದಾಗಿದ್ದವು. ಇನ್ನೊಂದಾದರೆ ಆ ದಿನದ ಮಟ್ಟಿಗೆ ಕಂಪನಿ ಐಡಿ ಮುಚ್ಚಿಬಿಡುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು, ತಿರುಗದೆಯೇ ಹೇಳಿದ.

“ನಮಸ್ಕಾರ ಮೇಡಂ. ಒಟಿಪಿ ಹೇಳಿ.”

ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿಯೇ ಇತ್ತು. ದನಿ ಯಾರದೆಂದು ಹೊಲಿಗೆಯಮ್ಮನಿಗೆ ತಕ್ಷಣ ತಿಳಿಯಿತು. ಇಳಿದುಬಿಡೋಣವೆಂದರೆ ಕಾವಲುಗಾರ ಅಷ್ಟು ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು. ಅವನು ಹೇಳಿಕೊಟ್ಟಿದ್ದ ಅಂಕಿಗಳನ್ನು ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಒಂದೊಂದಾಗಿ ಒಪ್ಪಿಸಿದರು. ಕಾರು ಹೊರಟಿತು.

ದೊಡ್ಡ ರಸ್ತೆಗೆ ಬಂದ ಮೇಲೆ, ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ್ದ ಫೋನು ಕಿಣಿಕಿಣಿ ಎಂದಿತು. ಈ ಟ್ರಿಪ್ ಮುಗಿಯುವ ಮೊದಲೇ ಮುಂದಿನದಕ್ಕೆ ಕರೆ. ಪರದೆಯ ಮೇಲೆ ಬಳೆಯಂಥ ಒಂದು ಗೆರೆ ಕರಗುತ್ತ ಬರುತ್ತದೆ. ಅದು ಮುಗಿಯುವುದರೊಳಗೆ ಮುಟ್ಟದಿದ್ದರೆ ಒಲ್ಲೆನೆಂದಂತೆ ಲೆಕ್ಕ. ಅವನು ಕೈ ಚಾಚಿ ಮುಟ್ಟಿದ. ಕಣ್ಣು ಎತ್ತಿದಾಗ ಮುಂದಿನ ವ್ಯಾನು ನಿಂತಿತ್ತು. ಬ್ರೇಕು ತುಳಿದರೂ ಕಾರು ಹೋಗಿ ಗುದ್ದಿತು. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಳ್ಳದೆ ಕೂತಿದ್ದ ಹೊಲಿಗೆಯಮ್ಮ ಮುಂದಕ್ಕೆ ಎಸೆದಂತಾಗಿ ಬಲಗೈ ಊರಿದರು. ಮಣಿಕಟ್ಟು ಲಟಕ್ಕೆಂದದ್ದು ಇಬ್ಬರಿಗೂ ಕೇಳಿಸಿತು.

“ಅತ್ತೆ,” ಎಂದ ಅವನು. ಮಾತು ನಿಂತ ಮೇಲೆ ಅವನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು ಕಾಗದ ಬರೆಯುತ್ತ, “ಇವರು ನಿಮಗೇನಾಗಬೇಕು?” ಎಂದು ಕೇಳಿದಳು. ಅವನು, “ನಾನು ಡ್ರೈವರ್” ಎಂದ.

ಹೊಲಿಗೆಯಮ್ಮ ನೋವಿನಲ್ಲೂ ತಲೆಯೆತ್ತಿದರು. “ಡ್ರೈವರಂತೆ. ಅಳಿಯ ಅಂತ ಬರ್ಕೊಳಮ್ಮ.” ಆಮೇಲೆ ಅವನ ಕಡೆ ತಿರುಗಿ, “ಸ್ವಲ್ಪ ನೀರು ಕುಡಿ ಹೋಗು, ಮುಖ ಬಿಳಿಚಿಕೊಂಡಿದೆ” ಎಂದರು. ಮದುವೆಯಾದಾಗಿನಿಂದ ಅವನನ್ನು ‘ನೀವು’ ಎಂದೇ ಕರೆಯುತ್ತಿದ್ದವರು ಅಂದು ಮೊದಲ ಸಲ ‘ನೀನು’ ಎಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಮಣಿಕಟ್ಟಿಗೆ ಪ್ಲೇಟು ಹಾಕಿ ಸ್ಕ್ರೂ ಬಿಗಿದರು. ರಸ್ತೆ ಅಪಘಾತವಾದ್ದರಿಂದ ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸಿದರು. ಇನ್‌ಸ್ಪೆಕ್ಟರ್ ಬಂದು ಹೇಳಿಕೆ ಬರೆದುಕೊಂಡು ಹೋದರು. ಕಂಪನಿ ವಿಚಾರಣೆಯ ಹೆಸರಿನಲ್ಲಿ ಅಳಿಯನ ಐಡಿ ಮುಚ್ಚಿತು. ಮಗಳಿಗೆ ಪ್ಯಾಕಿಂಗ್ ಘಟಕದಲ್ಲಿ ಪಾಳಿ ಕೆಲಸ, ರಜೆ ಸಿಗುವುದು ಕಷ್ಟ. ಹೊಲಿಗೆಯಮ್ಮನನ್ನು ಮಗಳ ಮನೆಗೇ ಕರೆತಂದರು. ಅವರನ್ನು ನೋಡಿಕೊಳ್ಳುವ ಕೆಲಸ ಮನೆಯಲ್ಲಿ ಕೈಕಟ್ಟಿ ಕೂತಿದ್ದ ಅಳಿಯನ ಪಾಲಿಗೆ ಬಂತು.

ಅವನು ಅನ್ನ ಕಲಸಿ ತಟ್ಟೆಯಲ್ಲಿ ಚಮಚ ಇಟ್ಟುಕೊಡುತ್ತಿದ್ದ. ಮಾತ್ರೆ ಕೊಡುತ್ತಿದ್ದ. ಡಾಕ್ಟರು ಹೇಳಿಕೊಟ್ಟಂತೆ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದ. “ಮೆಲ್ಲಗೆ, ಇದು ನಿನ್ನ ಕಾರ್ಖಾನೆಯ ಪೈಪಲ್ಲ” ಎಂದು ಅವರು ಗದರುತ್ತಿದ್ದರು. ಅರ್ಧಕ್ಕೆ ನಿಂತಿದ್ದ ಸಮವಸ್ತ್ರಗಳ ಗಂಟನ್ನೂ ಮಿಷನ್ನನ್ನೂ ತರಿಸಿ, ಪಕ್ಕದಲ್ಲಿ ಕೂತು ಅಂಚು ಮಡಿಸುವುದನ್ನು ಅವನಿಗೆ ಹೇಳಿಕೊಟ್ಟರು. ಅವನು ಹೊಲಿದ ಮೊದಲ ಅಂಚು ಹಾವು ಹರಿದಂತಿತ್ತು. ಬಿಚ್ಚಿಸಿದರು. ಎರಡನೆಯದನ್ನೂ ಬಿಚ್ಚಿಸಿದರು. ಸಂಜೆ ಕೆಲಸದಿಂದ ಬಂದ ಮಗಳು ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿ, ಚಪ್ಪಲಿ ಬಿಡುವುದನ್ನೇ ಮರೆತಳು.

ಕಂಪನಿಯ ಕಡೆಯಿಂದ ಒಂದು ದಿನ ಫೋನು ಬಂತು. ಮಾತಾಡಿದ ಹೆಣ್ಣುಮಗಳು ತುಂಬ ಮೃದುವಾಗಿ, ಟ್ರಿಪ್ ವಿಮೆಯಡಿ ಆಸ್ಪತ್ರೆಯ ಖರ್ಚಿನ ಒಂದು ಭಾಗ ಕೊಡುತ್ತೇವೆ, ಕಾಗದ ಕಳಿಸುತ್ತೇವೆ, ಸಹಿ ಮಾಡಿ ಎಂದಳು. ಕಾಗದ ಬಂದಾಗ ಮಗಳು ಅದನ್ನು ಓದಿ, “ಅಮ್ಮ, ಇದಕ್ಕೆ ಸಹಿ ಮಾಡಿದ್ರೆ ಮುಂದೆ ಯಾವತ್ತೂ ಏನೂ ಕೇಳೋ ಹಾಗಿಲ್ಲ ಅಂತ ಬರೆದಿದೆ” ಎಂದಳು. ಡಾಕ್ಟರು ಅಷ್ಟು ಹೊತ್ತಿಗೆ ಕೈ ಮೊದಲಿನಂತೆ ತಿರುಗುವುದಿಲ್ಲ ಎಂದಿದ್ದರು. ಕತ್ತರಿ ಹಿಡಿಯುವ ಕೈ. ಮೂವರೂ ಪರಿಚಯದ ವಕೀಲೆಯೊಬ್ಬಳ ಕಚೇರಿಗೆ ಹೋದರು.

ಕಾಗದದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಕೆಯ ಕಚೇರಿ. ಗೂಟಕ್ಕೆ ನೇತುಹಾಕಿದ್ದ ಗೌನು ಹೊಲಿಗೆಯಮ್ಮನೇ ಹೊಲಿದದ್ದು. ವಕೀಲೆ ಎಲ್ಲ ಕೇಳಿಸಿಕೊಂಡು ಅಳಿಯನನ್ನು ನೋಡಿದಳು.

“ಕಾರಿನ ವಿಮೆ ಎಲ್ಲಿ?”

ಅವನು ನೆಲ ನೋಡಿದ. ವಿಮೆ ಅಪಘಾತಕ್ಕೆ ಕೆಲವೇ ದಿನ ಮೊದಲು ಮುಗಿದಿತ್ತು. ಇವತ್ತು ಕಟ್ಟೋಣ, ನಾಳೆ ಕಟ್ಟೋಣ ಎಂದು ತಳ್ಳಿದ್ದ. ಈ ಮಾತು ಹೆಂಡತಿಗೂ ಗೊತ್ತಿರಲಿಲ್ಲ. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಇನ್ನಷ್ಟು ಕುಗ್ಗಿದ.

ವಕೀಲೆ ಪೆನ್ನು ಕೆಳಗಿಟ್ಟಳು. “ಹಾಗಾದ್ರೆ ನೇರವಾಗಿ ಹೇಳ್ತೀನಿ ಕೇಳಿ. ವಿಮೆ ಇದ್ದಿದ್ರೆ ವಿಮೆಯವರು ಕೊಡ್ತಿದ್ರು. ಈಗ ಉಳಿದಿರೋದು ಇಬ್ಬರೇ. ಒಬ್ಬರು ಗಾಡಿ ಓಡಿಸಿದವರು, ಅವರೇ ಅದರ ಮಾಲೀಕರು. ಇನ್ನೊಬ್ಬರು ಕಂಪನಿ. ಕಂಪನಿ ‘ನಾವು ಬರೀ ಗಿರಾಕಿಗೂ ಚಾಲಕನಿಗೂ ಗಂಟು ಹಾಕೋರು, ಗಾಡಿ ನಮ್ಮದಲ್ಲ, ಚಾಲಕ ನಮ್ಮ ನೌಕರ ಅಲ್ಲ’ ಅಂತ ಹೇಳತ್ತೆ. ಅಪಘಾತದ ಕೇಸು ನೋಡೋ ನ್ಯಾಯಮಂಡಳಿ ಅದನ್ನ ಒಪ್ಪಿಕೊಂಡ್ರೆ ಪರಿಹಾರ ಪೂರ್ತಿ ನಿಮ್ಮ ಅಳಿಯನ ಮೇಲೆ ಬೀಳತ್ತೆ.”

“ಅಂದ್ರೆ ನನ್ನ ಮಗಳ ಮನೆಯಿಂದ ನನ್ನ ಮನೆಗೆ” ಎಂದರು ಹೊಲಿಗೆಯಮ್ಮ. “ಈ ಜೇಬಿಂದ ಆ ಜೇಬಿಗೆ. ಅದರಲ್ಲಿ ಏನು ಬಂತು? ಹಾಗಾದ್ರೆ ಅಳಿಯನ ಹೆಸರು ಬಿಟ್ಟು ಕಂಪನಿ ಮೇಲೆ ಮಾತ್ರ ಹಾಕಮ್ಮ. ಇವನ ತಪ್ಪೇನೂ ಇಲ್ಲ ಅಂತ ಹೇಳ್ತೀನಿ.”

“ಅದೇ ಆಗಲ್ಲ. ಇವರ ತಪ್ಪಿಲ್ಲ ಅಂದ್ರೆ ಕಂಪನಿ ತಪ್ಪೂ ಇಲ್ಲ. ಚಾಲಕ ಅಜಾಗರೂಕತೆಯಿಂದ ಓಡಿಸಿದ ಅಂತ ಮೊದಲು ಸಾಬೀತಾಗಬೇಕು. ಅವನು ಕಂಪನಿಯ ಹಿಡಿತದಲ್ಲಿ, ಕಂಪನಿಯ ಕೆಲಸ ಮಾಡ್ತಿದ್ದಾಗ ಹಾಗಾಯ್ತು ಅನ್ನೋದು ಆಮೇಲೆ. ಮೆಟ್ಟಿಲು ಹತ್ತದೆ ಮಹಡಿಗೆ ಹೋಗೋಕಾಗಲ್ಲ. ಅರ್ಜಿಯಲ್ಲಿ ಒಂದನೇ ಎದುರುದಾರ ನಿಮ್ಮ ಅಳಿಯ. ಎರಡನೆಯದು ಕಂಪನಿ.”

“ಎದುರುದಾರ” ಎಂದು ಹೊಲಿಗೆಯಮ್ಮ ಆ ಪದವನ್ನು ಹಲ್ಲಿನಡಿ ಸಿಕ್ಕ ಕಲ್ಲಿನಂತೆ ಹೊರಳಿಸಿದರು. “ದಿನಾ ನನಗೆ ತುತ್ತು ಕೊಡೋನು ನನ್ನ ಎದುರುದಾರನಾ? ನನ್ನ ಬಾಯಲ್ಲಿ ಆ ಮಾತು ಬರಲ್ಲ ಬಿಡಮ್ಮ.”

ಅಳಿಯ ತಲೆಯೆತ್ತಿದ. “ಅತ್ತೆ, ಹೇಳಿ. ನಾನು ಫೋನು ನೋಡ್ದೆ. ಅದು ನಿಜ ತಾನೆ?”

“ನಿಜವೆಲ್ಲ ಹೇಳ್ತಾ ಹೋದ್ರೆ ಸಂಸಾರ ನಡೆಯತ್ತಾ?”

“ಕೋರ್ಟಲ್ಲಿ ನಿಜವೇ ಹೇಳಬೇಕು” ಎಂದಳು ವಕೀಲೆ. ಆಮೇಲೆ ಅವನ ಕಡೆ ತಿರುಗಿ, “ನಾನು ನಿಮ್ಮ ಅತ್ತೆಯ ವಕೀಲೆ. ನಿಮ್ಮದಲ್ಲ. ನಿಮಗೆ ಸಲಹೆ ಕೊಡೋ ಹಾಗಿಲ್ಲ, ಬೇರೆಯವರನ್ನ ನೋಡ್ಕೊಳಿ. ಇನ್ನು ಮೇಲೆ ನಾವು ಮಾತಾಡೋವಾಗ ನೀವು ಹೊರಗಿರಬೇಕು” ಎಂದಳು.

ಅವನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹೊಲಿಗೆಯಮ್ಮ ಬಾಗಿಲನ್ನೇ ನೋಡುತ್ತಿದ್ದರು. “ಮಗು ಥರ ಆಚೆ ಕೂರಿಸಿಬಿಟ್ಟೆಯಲ್ಲಮ್ಮ” ಎಂದು ವಕೀಲೆಯನ್ನು ಆಕ್ಷೇಪಿಸಿದರು. ಆದರೂ, ಬಲಗೈಯಲ್ಲಿ ಪೆನ್ನು ನಿಲ್ಲದ್ದರಿಂದ, ಅರ್ಜಿಗೆ ಎಡಗೈಯ ಹೆಬ್ಬೆಟ್ಟು ಒತ್ತಿದರು.

ಅಳಿಯ ತನ್ನ ಪರವಾಗಿ ತಾನೇ ಹಾಜರಾಗಿ ಉತ್ತರ ಸಲ್ಲಿಸಿದ. ಫೋನು ನೋಡಿದ್ದನ್ನೂ ವಿಮೆ ಮುಗಿದದ್ದನ್ನೂ ಮುಚ್ಚಿಡದೆ ಬರೆದಿದ್ದ. ಕಂಪನಿಯ ವಕೀಲರಿಗೆ ಅದೇ ಅಸ್ತ್ರವಾಯಿತು. ಇವರು ಅತ್ತೆ ಅಳಿಯ, ಸೇರಿಕೊಂಡು ಹೂಡಿದ ಆಟ ಇದು, ಮನೆಯವರನ್ನು ಮನೆಯ ಕಾರಿನಲ್ಲಿ ಕರೆದುಕೊಂಡು ಹೋದದ್ದನ್ನು ಬಾಡಿಗೆ ಟ್ರಿಪ್ ಎನ್ನುತ್ತಿದ್ದಾರೆ, ಚಾಲಕ ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವುದೇ ಅನುಮಾನಕ್ಕೆ ಎಡೆ ಎಂದು ಅವರು ವಾದ ಹಾಕಿದರು.

ನ್ಯಾಯಮಂಡಳಿಯ ಕೋಣೆ ಚಿಕ್ಕದು. ಫ್ಯಾನು ತಿರುಗಿದಾಗಲೆಲ್ಲ ಕಡತಗಳ ಮೂಲೆ ಏಳುತ್ತಿತ್ತು. ಹೊಲಿಗೆಯಮ್ಮ ಸಾಕ್ಷಿಕಟ್ಟೆ ಹತ್ತುವಾಗ ಅಳಿಯ ಅಭ್ಯಾಸಬಲದಿಂದ ಕೈ ಹಿಡಿಯಲು ಎದ್ದ. ಅವನ ಮುಂದಿನ ಸಾಲಿನಲ್ಲಿದ್ದ ಕಂಪನಿಯ ವಕೀಲರು ತಿರುಗಿ ನೋಡಿದರು. ಅವನು ಕೂತುಬಿಟ್ಟ. ಹೊಲಿಗೆಯಮ್ಮ ಒಬ್ಬರೇ ಹತ್ತಿದರು.

ಕಂಪನಿಯ ವಕೀಲರು ನಯವಾದ ಮನುಷ್ಯ. “ನೀವೀಗ ಎಲ್ಲಿದ್ದೀರಮ್ಮ?”

“ಮಗಳ ಮನೇಲಿ.”

“ಯಾರು ನೋಡ್ಕೊಳ್ತಾರೆ?”

“ಅಳಿಯ.”

“ಚೆನ್ನಾಗಿ ನೋಡ್ಕೊಳ್ತಾರಾ?”

“ಅನ್ನ ಸ್ವಲ್ಪ ಮೆತ್ತಗೆ ಮಾಡ್ತಾನೆ. ಬೇರೆ ಏನೂ ತಕರಾರಿಲ್ಲ.”

ಕೋಣೆಯಲ್ಲಿ ಒಂದಿಬ್ಬರು ನಕ್ಕರು. ವಕೀಲರೂ ಮುಗುಳ್ನಕ್ಕರು. “ಇಷ್ಟು ಪ್ರೀತಿಯ ಅಳಿಯ. ಆಸ್ಪತ್ರೆಗೆ ಹೋಗಿದ್ರಿ, ಕಣ್ಣು ಕಾಣಿಸ್ತಿರಲಿಲ್ಲ, ಅಳಿಯನನ್ನ ಕರೆದ್ರಿ. ಅವರು ಬಂದ್ರು. ಸರಿ ತಾನೆ?”

ಹೊಲಿಗೆಯಮ್ಮ ಅಳಿಯನ ಕಡೆ ನೋಡಿದರು. ಅವನೊಬ್ಬನಿಗೇ ಎಂದೋ ಹೇಳಬೇಕಾಗಿದ್ದದ್ದನ್ನು ಈಗ ಎಲ್ಲರ ಮುಂದೆ ಹೇಳುವುದು ಅವರಿಗೆ ಸಂಕಟವಾಯಿತು.

“ಇಲ್ಲ ಸ್ವಾಮಿ. ಆಗ ನನಗೂ ಅವನಿಗೂ ಮಾತಿರಲಿಲ್ಲ. ನನ್ನದೇ ಬಾಯಿ ಜಾಸ್ತಿಯಾಗಿತ್ತು. ಅವನನ್ನ ಕರೀಬೇಕು ಅಂದಿದ್ರೆ ಮಗಳಿಗೆ ಫೋನು ಮಾಡ್ತಿದ್ದೆ. ಅವನು ಬರ್ತಾನೆ ಅಂತ ಗೊತ್ತಾಗಿದ್ರೆ ಗೋಡೆ ಹಿಡ್ಕೊಂಡಾದ್ರೂ ಮನೆಗೆ ನಡ್ಕೊಂಡು ಹೋಗ್ತಿದ್ದೆ. ನಾನು ಕಾರು ಕೇಳಿದ್ದು ನಿಮ್ಮ ಕಂಪನಿಯನ್ನ. ಯಾರನ್ನ ಕಳಿಸಬೇಕು ಅಂತ ನೀವು ನನ್ನ ಕೇಳಲಿಲ್ಲ. ಇವನನ್ನ ಕಳಿಸಿದ್ರಿ.”

“ಆದರೆ ಆ್ಯಪ್ ಹಾಕ್ಕೊಳೋವಾಗ ‘ಕಂಪನಿ ಸಾರಿಗೆ ಸೇವೆ ಕೊಡೋದಿಲ್ಲ’ ಅನ್ನೋ ಷರತ್ತಿಗೆ ಒಪ್ಪಿಗೆ ಕೊಟ್ಟಿದ್ದೀರಿ.”

“ಒಪ್ಪಿಗೆ ಒತ್ತದೆ ಕಾರು ಬರತ್ತಾ?” ಎಂದು ಅವರು ನಿಜವಾಗಿಯೂ ತಿಳಿದುಕೊಳ್ಳುವವರಂತೆ ಕೇಳಿದರು.

“ಸೀಟು ಬೆಲ್ಟು ಹಾಕಿದ್ರಾ?”

“ಇಲ್ಲ. ಅದು ನನ್ನ ತಪ್ಪು.”

ಆಮೇಲೆ ಅವರ ವಕೀಲೆ ಎದ್ದು ಒಂದೇ ಪ್ರಶ್ನೆ ಕೇಳಿದಳು. ಅಪಘಾತ ಹೇಗಾಯಿತು? ಹೊಲಿಗೆಯಮ್ಮ, “ಫೋನು ಕೂಗ್ತು. ನನ್ನ ಅಳಿಯ ರಸ್ತೆ ಬಿಟ್ಟು ಅದನ್ನ ನೋಡ್ದ. ಅವನ ತಪ್ಪು” ಎಂದರು. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

ಅಳಿಯನ ಸರದಿ ಬಂದಾಗ ಕಂಪನಿಯ ವಕೀಲರು, “ಬೇಕಾದಾಗ ಆ್ಯಪ್ ಹಾಕ್ಕೋಬಹುದು, ಬೇಡದಾಗ ಮುಚ್ಚಬಹುದು. ನೀವು ನಿಮಗೇ ಯಜಮಾನರು, ಅಲ್ವಾ?” ಎಂದರು.

“ಹೌದು ಸರ್, ಮುಚ್ಚಿದಾಗ ನಾನೇ ಯಜಮಾನ. ತೆರೆದ ಮೇಲೆ ಅಲ್ಲ. ದರ ನೀವು ಹಾಕ್ತೀರಿ. ಎಲ್ಲಿಗೆ ಅಂತ ಮೊದಲೇ ಹೇಳಲ್ಲ. ಜಾಸ್ತಿ ಸಲ ಬೇಡ ಅಂದ್ರೆ ಐಡಿ ಮುಚ್ತೀರಿ. ಅವತ್ತು ಅತ್ತೆಯನ್ನ ನೋಡಿ ರದ್ದು ಮಾಡೋಣ ಅಂದ್ಕೊಂಡೆ. ಆಗಲಿಲ್ಲ.” ಅವನು ಅತ್ತೆಯ ಕಡೆ ನೋಡದೆ ಸೇರಿಸಿದ: “ಕ್ಷಮಿಸಿ ಅತ್ತೆ.”

“ಇರಲಿ, ನಾನೂ ಅದನ್ನೇ ಅಂದ್ಕೊಂಡಿದ್ದೆ” ಎಂದು ಹೊಲಿಗೆಯಮ್ಮ ಕೂತಲ್ಲಿಂದಲೇ ಹೇಳಿದರು. ನ್ಯಾಯಾಧೀಶರು ಮಧ್ಯೆ ಮಾತಾಡಬಾರದೆಂದು ಎಚ್ಚರಿಸಿದರು. ಆದರೆ ತಲೆ ತಗ್ಗಿಸಿ ಬರೆದುಕೊಳ್ಳುವಾಗ ಅವರ ತುಟಿಯಂಚು ಅರಳಿತ್ತು.

ಕೊನೆಗೆ ಕಂಪನಿಯ ಪರವಾಗಿ ಅದರ ಕಾರ್ಯಾಚರಣೆ ವಿಭಾಗದ ಅಧಿಕಾರಿಯೊಬ್ಬ ಸಾಕ್ಷಿ ನುಡಿದ. ಸಭ್ಯ ಮನುಷ್ಯ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವವನು. ಆ ಟ್ರಿಪ್ ನಡೆಯುತ್ತಿದ್ದಾಗಲೇ ಅಳಿಯನಿಗೆ ಮುಂದಿನ ಕರೆ ಬಂದದ್ದು ಕಂಪನಿಯ ದಾಖಲೆಯಲ್ಲೇ ಇತ್ತು. ವಕೀಲೆ ಅದನ್ನು ತೋರಿಸಿ ಹೌದೆನ್ನಿಸಿದ ಮೇಲೆ, “ಅಪಘಾತದ ದಿನ ಈ ಕಾರಿನ ವಿಮೆ ಮುಗಿದಿದೆ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿತ್ತಾ?” ಎಂದು ಕೇಳಿದಳು.

“ಗೊತ್ತಿತ್ತು.”

“ಆದರೂ ಬಾಡಿಗೆ ಕೊಟ್ರಿ.”

“ಹೊಸ ವಿಮೆ ಹಾಕೋಕೆ ಚಾಲಕರಿಗೆ ಸ್ವಲ್ಪ ದಿನ ಕಾಲಾವಕಾಶ ಕೊಡ್ತೀವಿ, ಮೇಡಂ.”

“ಆ ಕಾಲಾವಕಾಶ ಕೊಡೋ ತೀರ್ಮಾನ ಯಾರದು? ಚಾಲಕನದಾ?”

ಅವನು ತನ್ನ ವಕೀಲರನ್ನು ನೋಡಲಿಲ್ಲ. “ಕಂಪನಿಯದು” ಎಂದ.

ತೀರ್ಪು ಬಂದದ್ದು ಎಷ್ಟೋ ತಿಂಗಳ ಮೇಲೆ. ಚಾಲಕನ ಅಜಾಗರೂಕತೆ ನಿಜ. ಬೆಲ್ಟು ಹಾಕದ್ದಕ್ಕಾಗಿ ಪರಿಹಾರದಲ್ಲಿ ಒಂದು ಸಣ್ಣ ಪಾಲು ಕಡಿತ. ಪ್ರಯಾಣಿಕರು ನಂಬಿ ಕರೆದದ್ದು ಕಂಪನಿಯನ್ನು. ಚಾಲಕನನ್ನು ಆರಿಸಿದ್ದು, ದರ ಕಟ್ಟಿದ್ದು, ರದ್ದಿಗೆ ಶಿಕ್ಷೆ ಇಟ್ಟದ್ದು, ಓಡುವ ಗಾಡಿಯಲ್ಲಿ ಮುಂದಿನ ಕರೆ ಕಳಿಸಿದ್ದು, ವಿಮೆಯಿಲ್ಲವೆಂದು ತಿಳಿದೂ ಗಾಡಿ ಓಡಲು ಬಿಟ್ಟದ್ದು ಎಲ್ಲ ಕಂಪನಿಯೇ. ಷರತ್ತಿನಲ್ಲಿ ಏನೇ ಬರೆದುಕೊಂಡಿದ್ದರೂ ಇಷ್ಟು ಹಿಡಿತವಿಟ್ಟುಕೊಂಡವರು ಹೊಣೆಯಿಂದ ನುಣುಚಿಕೊಳ್ಳಲಾಗದು. ಆದ್ದರಿಂದ ಇಬ್ಬರೂ ಜಂಟಿಯಾಗಿ ಹೊಣೆ, ಅರ್ಜಿದಾರರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಪಡೆಯಬಹುದು ಎಂದು ನ್ಯಾಯಾಧೀಶರು ಬರೆದರು.

ಮಗಳು ಖುಷಿಯಿಂದ ಅಮ್ಮನನ್ನು ತಬ್ಬಿಕೊಂಡಳು. ವಕೀಲೆ ಮಾತ್ರ ಹೊಲಿಗೆಯಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದಳು. “ಕಂಪನಿ ಮೇಲ್ಮನವಿ ಹಾಕತ್ತೆ. ಇನ್ನೊಂದು ವಿಷಯ ಇದೆ. ಚಾಲಕರ ಜೊತೆ ಅವರ ಕರಾರಿನಲ್ಲಿ, ಕಂಪನಿಗೆ ನಷ್ಟವಾದ್ರೆ ಚಾಲಕ ತುಂಬಿಕೊಡಬೇಕು ಅಂತಿದೆ. ಆ ಲೆಕ್ಕ ಅವರಿಬ್ಬರದು, ಇಲ್ಲಿ ತೀರ್ಮಾನ ಆಗಿಲ್ಲ. ನಿಮಗೆ ಕೊಟ್ಟು ನಾಳೆ ಅಳಿಯನ ಬೆನ್ನು ಹತ್ತಬಹುದು.”

ಹೇಳಿದಂತೆಯೇ ಕಂಪನಿ ಮೇಲ್ಮನವಿ ಹೂಡಿತು. ಸ್ವಲ್ಪ ದಿನಗಳಲ್ಲಿ ರಾಜಿಯ ಮಾತೂ ತಂದಿತು. ಮೇಲ್ಮನವಿ ಹಿಂದೆ ತೆಗೆದುಕೊಳ್ಳುತ್ತೇವೆ, ಪರಿಹಾರದಲ್ಲಿ ಸ್ವಲ್ಪ ಬಿಟ್ಟುಕೊಡಿ ಎಂದು. ಹೊಲಿಗೆಯಮ್ಮ ವಕೀಲೆಯ ಕಚೇರಿಯಲ್ಲಿ ಕೂತು ಕೇಳಿಸಿಕೊಂಡರು.

“ಸ್ವಲ್ಪ ಅಲ್ಲ, ಇನ್ನೂ ಸ್ವಲ್ಪ ಬಿಡ್ತೀನಿ ಅಂತ ಹೇಳು. ಆದರೆ ಆ ಕಾಗದದಲ್ಲಿ ಒಂದು ಸಾಲು ಸೇರಿಸ್ಬೇಕು. ಈ ವಿಷಯಕ್ಕೆ ನನ್ನ ಅಳಿಯನ ತಂಟೆಗೆ ಯಾವತ್ತೂ ಬರಬಾರದು.”

“ಯೋಚನೆ ಮಾಡಿ. ಆ ಹಕ್ಕನ್ನ ಅವರು ಚಲಾಯಿಸ್ತಾರೋ ಇಲ್ಲವೋ ಗೊತ್ತಿಲ್ಲ. ಕೈ ನಿಮ್ಮದು, ನೋವು ನಿಮ್ಮದು.”

“ಚಲಾಯಿಸ್ಲಿ ಬಿಡ್ಲಿ, ಅವನು ನಿದ್ದೆ ಮಾಡಬೇಕಲ್ಲ” ಎಂದರು ಅವರು. “ನಾನು ಆ ಮನೆ ಹಾಲಿನಲ್ಲಿ ಮಲಗ್ತೀನಿ. ಅವನು ಎದ್ದು ಓಡಾಡೋದು ಕೇಳಿಸತ್ತೆ.”

ಕಂಪನಿ ಒಪ್ಪಿತು. ಚಾಲಕನೂ ರಾಜಿಗೆ ಒಬ್ಬ ಪಕ್ಷಗಾರನಾದ್ದರಿಂದ ಸಹಿ ಮಾಡಲು ಅವನನ್ನೂ ಒಳಗೆ ಕರೆದರು. ಅವನಿಗೆ ಏನೂ ತಿಳಿದಿರಲಿಲ್ಲ. ಕಾಗದವನ್ನು ಬೆರಳಿಟ್ಟು ನಿಧಾನವಾಗಿ ಓದಿದ. ಮೂರನೆಯ ಪುಟದಲ್ಲಿ ಬೆರಳು ನಿಂತಿತು. ಅಲ್ಲಿಂದ ಮೊದಲ ಪುಟಕ್ಕೆ ಹೋಗಿ ಪರಿಹಾರದ ಮೊತ್ತ ನೋಡಿದ. ಮತ್ತೆ ಮೂರನೆಯ ಪುಟಕ್ಕೆ ಬಂದ.

“ಅತ್ತೆ, ಇದೇನು?”

“ಓದಕ್ಕೆ ಬರತ್ತಲ್ಲ.”

“ನನಗೋಸ್ಕರ ಯಾಕೆ ಬಿಟ್ರಿ? ನಿಮ್ಮ ಕೈ ಇನ್ನೂ ಪೂರ್ತಿ ತಿರುಗ್ತಿಲ್ಲ. ದಪ್ಪ ಬಟ್ಟೆ ಕತ್ತರಿಸೋಕೆ ಆಗಲ್ಲ. ನನ್ನ ಪಾಲಿನದು ನಾನು ಹೇಗಾದ್ರೂ ತೀರಿಸ್ತಿದ್ದೆ.” ಅವನ ದನಿ ಏರಿತ್ತು. ಅವನು ಅವರ ಮೇಲೆ ದನಿ ಏರಿಸಿದ್ದು ಅದೇ ಮೊದಲು.

“ನೀನು ತೀರಿಸೋದು ಅಂದ್ರೆ ನನ್ನ ಮಗಳು ತೀರಿಸೋದು. ಸುಮ್ನೆ ಸಹಿ ಮಾಡು.”

“ಮಾಡಲ್ಲ.”

“ಹೀಗೆ ಹಟ ಮಾಡೋನು ಅಂತ ಗೊತ್ತಿದ್ರೆ…” ಎಂದು ಶುರು ಮಾಡಿದವರು ಮಾತನ್ನು ಅಲ್ಲೇ ನುಂಗಿದರು. ಮಗಳು ಕಿಟಕಿಯ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದಳು. ವಕೀಲೆ ಕಡತದಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ಹೊಲಿಗೆಯಮ್ಮ ಮೇಜಿನ ಮೇಲಿದ್ದ ಪೆನ್ನನ್ನು ಬಲಗೈಯಿಂದಲೇ ಎತ್ತಿಕೊಂಡರು. ಬೆರಳುಗಳು ಬಿಗಿಯಾಗಿ ಮಡಚುತ್ತಿರಲಿಲ್ಲ. ಆದರೂ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದ ಅವರು, ಈ ಕಾಗದದ ಕೆಳಗೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ, ಸೊಟ್ಟಸೊಟ್ಟಗೆ ಬರೆದರು. ಬರೆದು ಪೆನ್ನನ್ನು ಅವನ ಮುಂದೆ ಚಾಚಿದರು.

ಅವನು ಆ ಸೊಟ್ಟ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಮೂಗು ಎಳೆದುಕೊಂಡು, ಅವುಗಳ ಪಕ್ಕದಲ್ಲಿ ಸಹಿ ಹಾಕಿದ.

ಕೆಳಗಿಳಿಯುವಾಗ ಅವನು ಮುಂದೆ ಮುಂದೆ ಹೋದ. ಇನ್ನೂ ಕೋಪವೆಂದು ಹೊಲಿಗೆಯಮ್ಮ ಅಂದುಕೊಂಡರು. ಆದರೆ ಮೆಟ್ಟಿಲು ತಿರುಗುವ ಕತ್ತಲ ಮೂಲೆಯಲ್ಲಿ ಅವನು ಗೋಡೆಗೆ ಆತು ಅವರಿಗಾಗಿ ಕಾಯುತ್ತಿದ್ದ. ಅವರು ಹತ್ತಿರ ಬಂದಾಗ ತೋಳು ಕೊಟ್ಟ.

“ರಾತ್ರಿಗೆ ಏನು ಮಾಡ್ಲಿ?” ಎಂದು ಕೇಳಿದ.

“ಏನಾದ್ರೂ ಮಾಡು” ಎಂದರು ಅವರು, ಅವನ ತೋಳಿನ ಮೇಲೆ ಪೂರ್ತಿ ಭಾರ ಬಿಟ್ಟು.